ಒಂದು ಅಕ್ಷರ, ನಾಲ್ಕು ವರ್ಷಗಳು: ಫೋಟೋ ನೋಡಿ ಫ್ರಿಜ್ ಗುರುತಿಸಿದ್ದು

ಸ್ನೇಹಿತರೊಬ್ಬರು ಎರಡು ಫೋಟೋ ಕಳಿಸಿದ್ದರು. ಅಮೆರಿಕದ ಜಿಇ ಕಂಪನಿಯ ಬಿಳಿ ಫ್ರಿಜ್. ಬಾಗಿಲಿನ ಅಂಚಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಹಳೆಯದಾಗಿ ಹರಿದಿತ್ತು, ಹೊಸದು ತರಿಸಬೇಕಿತ್ತು. "ಇದು ಯಾವ ಮಾಡೆಲ್ ಅಂತ ಹೇಳ್ತೀರಾ?" ಎಂದು ಕೇಳಿದ್ದರು.

ಮೊದಲ ಫೋಟೋದಲ್ಲಿ ಇಡೀ ಫ್ರಿಜ್ ಮುಂದಿನಿಂದ ಕಾಣುತ್ತಿತ್ತು. ಬಾಗಿಲ ಮೇಲಿನ ಲೋಗೋ ಸ್ಪಷ್ಟವಾಗಿತ್ತು, ಆದರೆ ಅದರಿಂದ ಕಂಪನಿಯ ಹೆಸರು ಬಿಟ್ಟು ಬೇರೇನೂ ಸಿಗುವುದಿಲ್ಲ. ಒಂದೇ ಹೊರರೂಪದಲ್ಲಿ ಎಷ್ಟೋ ಮಾಡೆಲ್‌ಗಳು ಬರುತ್ತವೆ, ಒಳಗಿನ ಭಾಗಗಳು ಬೇರೆ ಬೇರೆ ಇರುತ್ತವೆ. ಹಿಂದೊಮ್ಮೆ ನಾನು ಹೀಗೆ ಮುಂಭಾಗದ ಚಹರೆ ನೋಡಿ ಮಾಡೆಲ್ ಹೇಳಿದ್ದೆ. ತರಿಸಿದ ಗ್ಯಾಸ್ಕೆಟ್ ಒಂದು ಬೆರಳಿನಷ್ಟು ಗಿಡ್ಡವಾಗಿತ್ತು. ಆಮೇಲಿಂದ ಮಾಡೆಲ್ ನಂಬರ್ ಬರೆದಿರುವ ಪ್ಲೇಟ್ ನೋಡದೆ ನಾನು ಮಾಡೆಲ್ ಹೇಳುವುದಿಲ್ಲ.

ಎರಡನೇ ಫೋಟೋ ಪ್ಲೇಟಿನದ್ದೇ. ಫ್ರಿಜ್‌ನ ಒಳಗೋಡೆಗೆ ಅಂಟಿಸಿರುವ ಸ್ಟಿಕ್ಕರ್ ಅದು. ಆದರೆ ಫ್ಲ್ಯಾಶ್ ಹಾಕಿ ತೆಗೆದಿದ್ದರಿಂದ ನಟ್ಟನಡುವೆ ಬಿಳಿ ಮಚ್ಚೆ ಬಿದ್ದು, ಮಾಡೆಲ್ ನಂಬರಿನ ಕೊನೆಯ ಅಕ್ಷರಗಳು ಮಾಯವಾಗಿದ್ದವು. ಫ್ಲ್ಯಾಶ್ ಬೇಡ ಎಂದು ಹೇಳಿದೆ. ಟಾರ್ಚನ್ನು ಪ್ಲೇಟಿನ ಪಕ್ಕದಲ್ಲಿ ಗೋಡೆಗೆ ತಾಗುವಷ್ಟು ಹತ್ತಿರ ಹಿಡಿದು, ಬೆಳಕು ಅಡ್ಡಡ್ಡ ಹರಿಯುವ ಹಾಗೆ ಮಾಡಿ, ಮೊಬೈಲನ್ನು ಸ್ವಲ್ಪ ಸ್ವಲ್ಪ ಓರೆ ಮಾಡುತ್ತಾ ನಾಲ್ಕೈದು ಫೋಟೋ ತೆಗೆಯಲು ಕೇಳಿಕೊಂಡೆ. ಒಂದರಲ್ಲಿ ಮಸುಕಾದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಹೊಸ ಫೋಟೋಗಳಲ್ಲಿ ಮಾಡೆಲ್ ನಂಬರ್ ಪೂರ್ತಿ ಸಿಕ್ಕಿತು, ಕೊನೆಯಲ್ಲಿ WW ಇತ್ತು. ಅದು ಬಿಳಿ ಬಣ್ಣದ ಗುರುತು. ಫ್ರಿಜ್ ಕೂಡ ಬಿಳಿಯದೇ, ಹಾಗಾಗಿ ಓದಿದ್ದು ಸರಿ ಎಂದು ಧೈರ್ಯ ಬಂತು. ಬಣ್ಣದ ಅಕ್ಷರಗಳಿಗಿಂತ ಸ್ವಲ್ಪ ಮುಂಚಿನ ಒಂದು ಅಕ್ಷರವೇ ನನಗೆ ಜಾಸ್ತಿ ಮುಖ್ಯವಾಗಿತ್ತು. ಅದೇ ಮಾಡೆಲನ್ನು ಕಂಪನಿ ಒಳಗೊಳಗೇ ಬದಲಾಯಿಸಿದಾಗ ಈ ಅಕ್ಷರದ ಜಾಗದಲ್ಲಿ ಮುಂದಿನ ಅಕ್ಷರ ಬರುತ್ತದೆ. ಬಿಡಿಭಾಗಗಳ ಪಟ್ಟಿಯಲ್ಲಿ ಈ ಒಂದು ಅಕ್ಷರ ಬಿಟ್ಟು ಹುಡುಕಿದರೆ ಬೇರೆಯ ಭಾಗ ಬಂದುಬಿಡಬಹುದು.

ಇನ್ನು ಸೀರಿಯಲ್ ನಂಬರ್. ಜಿಇಯ ಪದ್ಧತಿಯಲ್ಲಿ ಮೊದಲ ಅಕ್ಷರ ತಯಾರಾದ ತಿಂಗಳು, ಎರಡನೆಯದು ವರ್ಷ. ಎರಡಕ್ಕೂ ಬಳಸುವುದು ಇದೇ ಹನ್ನೆರಡು ಅಕ್ಷರಗಳನ್ನು:

```
A D F G H L M R S T V Z
```

ತಿಂಗಳಿಗೆ A ಅಂದರೆ ಜನವರಿ, D ಫೆಬ್ರವರಿ, ಹೀಗೆ ಸಾಲಾಗಿ ಹೋಗಿ Z ಡಿಸೆಂಬರ್. ನನ್ನ ಮುಂದಿದ್ದ ಫೋಟೋದಲ್ಲಿ ಮೊದಲ ಅಕ್ಷರ P ಎಂದೇ ಕಾಣುತ್ತಿತ್ತು. ಎಷ್ಟು ದೊಡ್ಡದು ಮಾಡಿ ನೋಡಿದರೂ P. ಆದರೆ ಮೇಲಿನ ಸಾಲಿನಲ್ಲಿ P ಇಲ್ಲವೇ ಇಲ್ಲ! ಹಾಗಿದ್ದರೆ ಅದು R, ಕೆಳಗಿನ ಓರೆ ಕಾಲು ಉಜ್ಜಿ ಉಜ್ಜಿ ಅಳಿಸಿಹೋಗಿದೆ. ಟಾರ್ಚ್ ಬೇರೆ ಕಡೆಯಿಂದ ಹಿಡಿದು ತೆಗೆದ ಫೋಟೋದಲ್ಲಿ ಆ ಕಾಲಿನ ತುದಿ ನೂಲಿನಷ್ಟು ಕಾಣಿಸಿತು. ಯಾವ ಅಕ್ಷರಗಳು ಬರಲು ಸಾಧ್ಯ ಎಂಬುದು ಗೊತ್ತಿದ್ದರೆ ಕಣ್ಣಿಗೆ ಆಗುವ ಮೋಸ ಎಷ್ಟೋ ಕಡಿಮೆಯಾಗುತ್ತದೆ. B, I, O ಈ ಸಾಲಿನಲ್ಲಿ ಇಲ್ಲ. 8, 1, 0 ಜೊತೆ ಗೊಂದಲವಾಗುವ ಅಕ್ಷರಗಳೇ ಅವು. R ಎಂದರೆ ಆಗಸ್ಟ್.

ಎರಡನೇ ಅಕ್ಷರ A. ತೊಡಕು ಇರುವುದೇ ಇಲ್ಲಿ. ಹನ್ನೆರಡು ಅಕ್ಷರ ಮುಗಿದ ಮೇಲೆ ಮತ್ತೆ A ಇಂದ ಶುರು ಮಾಡುತ್ತಾರೆ. ಹಾಗಾಗಿ A ಅಂದರೆ 1977 ಆಗಬಹುದು, 1989, 2001, 2013 ಕೂಡ ಆಗಬಹುದು. ಸೀರಿಯಲ್ ನಂಬರನ್ನು ಎಷ್ಟು ದಿಟ್ಟಿಸಿ ನೋಡಿದರೂ ಅದು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಉತ್ತರ ಬೇರೆ ಕಡೆ ಹುಡುಕಬೇಕು.

ಅದೇ ಪ್ಲೇಟಿನಲ್ಲಿ, ತಂಪು ಮಾಡಲು ಫ್ರಿಜ್‌ಗೆ ತುಂಬಿರುವ ಅನಿಲದ ಹೆಸರೂ ಅದರ ತೂಕವೂ ಬರೆದಿರುತ್ತಾರೆ. ಇಲ್ಲಿ R134a ಎಂದಿತ್ತು. ಮೊದಲು ಮನೆ ಫ್ರಿಜ್‌ಗಳಿಗೆ R12 ತುಂಬುತ್ತಿದ್ದರು. ಓಝೋನ್ ಪದರಕ್ಕೆ ಅದರಿಂದ ಹಾನಿ ಎಂದು ತಿಳಿದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1990ರ ದಶಕದ ಮಧ್ಯದ ಹೊತ್ತಿಗೆ ಅಮೆರಿಕದ ಹೊಸ ಫ್ರಿಜ್‌ಗಳಲ್ಲಿ R134a ಬಂದಿತ್ತು. ಅಲ್ಲಿಗೆ 1977, 1989 ಎರಡೂ ಬಿದ್ದುಹೋದವು. ಒಂದು ಎಚ್ಚರ: ಹಳೆಯ ಫ್ರಿಜ್ ರಿಪೇರಿ ಮಾಡಿದವರು ಅನಿಲ ಬದಲಿಸಿ, ಕಂಪ್ರೆಸರ್ ಹತ್ತಿರ ಬೇರೆ ಸ್ಟಿಕ್ಕರ್ ಹಚ್ಚಿರಬಹುದು. ಹಾಗಾಗಿ ಕಾರ್ಖಾನೆಯ ಪ್ಲೇಟಿನಲ್ಲಿ ಇರುವುದನ್ನು ಮಾತ್ರ ನಂಬಬೇಕು.

ಉಳಿದದ್ದು 2001 ಮತ್ತು 2013. R134a ಎರಡೂ ಕಾಲಕ್ಕೆ ಹೊಂದುತ್ತದೆ, ಅನಿಲ ಇನ್ನು ನೆರವಿಗೆ ಬರುವುದಿಲ್ಲ. ತರಕಾರಿ ಇಡುವ ಡ್ರಾಯರ್ ಹೊರಗೆ ತೆಗೆದು, ತಲೆಕೆಳಗು ಮಾಡಿ, ಅದರ ತಳದ ಫೋಟೋ ಕಳಿಸಿ ಎಂದೆ. ಅವರಿಗೆ ಯಾಕೆಂದು ಅರ್ಥವಾಗಲಿಲ್ಲ, ಆದರೂ ಕಳಿಸಿದರು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಭಾಗಗಳ ಹಿಂಬದಿಯಲ್ಲಿ ಬಹಳ ಸಲ ನಾಣ್ಯದಷ್ಟು ಚಿಕ್ಕ ದುಂಡು ಗುರುತು ಇರುತ್ತದೆ, ಗಡಿಯಾರದ ಮುಖದಂತೆ. ಸುತ್ತಲೂ 1 ರಿಂದ 12, ನಡುವೆ ಎರಡು ಅಂಕಿಗಳ ವರ್ಷ, ತಿಂಗಳತ್ತ ತೋರಿಸುವ ಒಂದು ಬಾಣ. ಈ ಡ್ರಾಯರ್‌ನ ಬಾಣ 6ರ ಕಡೆಗಿತ್ತು, ನಡುವೆ 01. ಅಂದರೆ ಆ ಡ್ರಾಯರ್ 2001ರ ಜೂನ್‌ನಲ್ಲಿ ಅಚ್ಚಿನಿಂದ ಬಂದದ್ದು. ಎರಡು ತಿಂಗಳ ನಂತರ, ಆಗಸ್ಟ್‌ನಲ್ಲಿ, ಫ್ರಿಜ್ ಜೋಡಣೆಯಾಗಿದೆ. ಚೆನ್ನಾಗಿ ಹೊಂದುತ್ತದೆ ಅಲ್ವಾ?

ಆದರೂ ಒಂದೇ ಡ್ರಾಯರ್ ನಂಬಿ ನಾನು ನಿಲ್ಲುವುದಿಲ್ಲ. ಡ್ರಾಯರ್ ಒಡೆದು ಯಾರೋ ಹಳೆಯ ಫ್ರಿಜ್ಜಿನದ್ದು ತಂದು ಹಾಕಿರಬಹುದು. ಅಚ್ಚಿನಲ್ಲಿರುವ ವರ್ಷದ ಬಿಲ್ಲೆಯನ್ನು ಸರಿಯಾದ ಸಮಯಕ್ಕೆ ಬದಲಿಸದೆ ಬಿಟ್ಟಿರಲೂಬಹುದು. ಅದಕ್ಕೆ ಇನ್ನೆರಡು ಕಡೆ ನೋಡಿದೆ. ಬಾಗಿಲ ಒಳಗಿನ ಬಾಟಲಿ ಶೆಲ್ಫಿನ ಹಿಂದೆ 01, ಬಾಣ 5ರ ಕಡೆಗೆ. ಕಂಪ್ರೆಸರ್ ಮೇಲಿನ ಸ್ಟಿಕ್ಕರ್‌ನಲ್ಲಿ 2001 ಎಂದೇ ಅಚ್ಚಾಗಿತ್ತು. ಮೂರು ಬೇರೆ ಬೇರೆ ಭಾಗಗಳು ಒಂದೇ ಕಾಲವನ್ನು ಹೇಳುತ್ತಿದ್ದವು, ತಿಂಗಳು ಗೊತ್ತಾದ ಎರಡೂ ಆಗಸ್ಟ್‌ಗಿಂತ ತಡವಾಗಿರಲಿಲ್ಲ. ಯಾವುದಾದರೂ ಭಾಗ 2007 ಎಂದಿದ್ದರೆ ಆ ಭಾಗ ಆಮೇಲೆ ಬದಲಾಗಿದೆ ಎಂದುಕೊಳ್ಳುತ್ತಿದ್ದೆ. ಮೂರೂ 2012 ಅಥವಾ 2013 ಎಂದಿದ್ದರೆ ಉತ್ತರವೇ ಬೇರೆ ಆಗುತ್ತಿತ್ತು.

ಬಾಗಿಲಿನ ಬಗ್ಗೆ ಮಾತ್ರ ಒಂದು ಅನುಮಾನ ಉಳಿದಿತ್ತು. ನಮಗೆ ಬೇಕಿರುವುದು ಬಾಗಿಲಿನ ಗ್ಯಾಸ್ಕೆಟ್, ಪ್ಲೇಟ್ ಇರುವುದು ಪೆಟ್ಟಿಗೆಯ ಮೇಲೆ. ಬಾಗಿಲು ಬದಲಾಗಿದ್ದರೆ ಪ್ಲೇಟಿನ ಮಾತು ಬಾಗಿಲಿಗೆ ಹೊಂದದೆ ಇರಬಹುದು. ಶೆಲ್ಫ್ ಬಾಗಿಲಿನದ್ದೇ ಆದರೂ ಸುಲಭವಾಗಿ ಬಿಚ್ಚಿ ಹಾಕುವಂಥದ್ದು. ಹಾಗಾಗಿ ಹಳೆಯ ಗ್ಯಾಸ್ಕೆಟ್ ಕೂತಿದ್ದ ಜಾಗದ ಅಳತೆ ತೆಗೆಯಲು ಕೇಳಿದೆ: ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಉದ್ದ ಮತ್ತು ಅಗಲ, ಟೇಪ್ ಪೂರ್ತಿ ಫೋಟೋದಲ್ಲಿ ಕಾಣುವಂತೆ. ಆಮೇಲೆ ಮಾಡೆಲ್ ನಂಬರನ್ನು ಒಂದು ಅಕ್ಷರವೂ ಬಿಡದೆ ಬಿಡಿಭಾಗಗಳ ಪಟ್ಟಿಯಲ್ಲಿ ಹಾಕಿದೆ. ಅಲ್ಲಿ ಕೊಟ್ಟಿದ್ದ ಗ್ಯಾಸ್ಕೆಟ್‌ನ ಅಳತೆಯೂ ಟೇಪಿನ ಅಳತೆಯೂ ಒಂದೇ ಆಗಿದ್ದವು. ಆಗಲೇ ನಾನು "ಇದನ್ನೇ ತರಿಸಿ" ಎಂದು ಅವರಿಗೆ ಭಾಗದ ನಂಬರ್ ಕಳಿಸಿದ್ದು.