ಕಾಯಿ ಹಲಸಿನ ಹಿಟ್ಟು, ಬೀಜದ ಹಿಟ್ಟು: ಸಕ್ಕರೆ ಕಾಯಿಲೆಯವರಿಗೆ ಎಷ್ಟು, ಹೇಗೆ – ನನ್ನ ಅನುಭವ

ಸಕ್ಕರೆ ಕಾಯಿಲೆಯವರು ಹಲಸನ್ನು ಮುಟ್ಟಲೇಬಾರದು ಅನ್ನುತ್ತಿದ್ದವರೇ ಈಗ ಹಿಟ್ಟಿಗೆ ಮುಂಗಡ ಹೇಳಿಡುತ್ತಾರೆ. ಹಣ್ಣಿನ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ. ನಾನು ಮಾಡುವುದು ಕಾಯಿ ಸೊಳೆಯ ಹಿಟ್ಟು, ಅದರ ಲೆಕ್ಕವೇ ಬೇರೆ.

ಕಾಯಿ ಬಲಿತಿರಬೇಕು, ಆದರೆ ಹಣ್ಣಿನತ್ತ ತಿರುಗಿರಬಾರದು. ಸೊಳೆ ಬೆಳ್ಳಗಿದ್ದು ಬೀಜ ಗಟ್ಟಿಯಾಗಿದ್ದರೆ ಸಮಯ ಸರಿ ಎಂದರ್ಥ. ಹಳದಿ ತಿರುಗಿ, ಅಗಿದಾಗ ಸಿಹಿ ನಾಲಗೆಗೆ ಹತ್ತಿದರೆ ಪಿಷ್ಟ ಆಗಲೇ ಸಕ್ಕರೆಯಾಗುತ್ತಿದೆ. ಅಂಥದ್ದನ್ನು ನಾನು ಹಪ್ಪಳಕ್ಕೆ ಕಳಿಸುತ್ತೇನೆ. ಬಕ್ಕೆ ಜಾತಿಯೇ ಒಳ್ಳೆಯದು. ಮೆತ್ತನೆಯ ಸೊಳೆಯ ಜಾತಿ ಒಣಗುವಾಗ ಜಿಗುಟಾಗಿ ತಟ್ಟೆಗೆ ಅಂಟುತ್ತದೆ.

ಹೆಚ್ಚು ಹಾಳಾಗುವುದು ಒಣಗಿಸುವಾಗ. ಸೊಳೆಯನ್ನು ಸೀಳಿ, ಮೂರ್ನಾಲ್ಕು ನಿಮಿಷ ಆವಿಯಲ್ಲಿಟ್ಟು ತಟ್ಟೆಗೆ ಹರಡುತ್ತೇನೆ. ಆವಿ ಕೊಡದಿದ್ದರೆ ಗಾಳಿ ತಗುಲಿ ಕಂದಾಗುತ್ತದೆ. ನೀರಿನಲ್ಲಿ ಬೇಯಿಸಿದರೆ ಹಿಟ್ಟಿನ ರುಚಿ, ಸತ್ವ ಎರಡೂ ನೀರಿಗೆ ಹೋಗುತ್ತವೆ. ಡ್ರೈಯರ್ ಶಾಖ 55-60 ಡಿಗ್ರಿ. ಬೇಗ ಆಗಲೆಂದು 70 ದಾಟಿಸಿದರೆ ಮೇಲ್ಪದರ ಗಟ್ಟಿಯಾಗಿ ಒಳಗೆ ಪಸೆ ಉಳಿಯುತ್ತದೆ. ನೋಡಲು ಒಣಗಿದಂತೆಯೇ ಇರುತ್ತದೆ, ಡಬ್ಬಿಯಲ್ಲಿ ಎರಡು ವಾರಕ್ಕೆ ಬೂಸ್ಟು ಹಿಡಿಯುತ್ತದೆ. ಮುರಿದು ನೋಡಿ: ಪಟ್ಟನೆ ಮುರಿಯಬೇಕು, ಬಾಗಿದರೆ ಇನ್ನೂ ಆಗಿಲ್ಲ. ಕೊನೆಯ ಒಂದು ಗಂಟೆ ಶಾಖವನ್ನು ಹೇಗೆ ಬದಲಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹಿಟ್ಟು ಬೆಳ್ಳಗೆ ಬರುವುದು ಅದರಿಂದಲೇ.

ದುಡ್ಡಿನ ಲೆಕ್ಕ: ಹತ್ತು ಕಿಲೋ ತೂಗುವ ಕಾಯಿಯಲ್ಲಿ ಸೊಳೆ ಸಿಗುವುದು ಮೂರು ಕಿಲೋದೊಳಗೆ, ಹಿಟ್ಟು ಸುಮಾರು 600 ಗ್ರಾಂ. ಕಾಯಿಯ ಬೆಲೆಗಿಂತ ಮೇಣ ತೆಗೆದು ಸೊಳೆ ಬಿಡಿಸುವ ಕೂಲಿಯೇ ಹೆಚ್ಚು. ಕರೆಂಟೂ ಸೇರಿದರೆ ಕಿಲೋಗೆ 500 ರೂಪಾಯಿಗಿಂತ ಕಡಿಮೆಗೆ ಮಾರಿದರೆ ಕೈಯಿಂದಲೇ ಹೋಗುತ್ತದೆ.

ಇನ್ನು ಪ್ರಮಾಣ. ಈ ಹಿಟ್ಟನ್ನು ಊಟದ ಮೇಲೆ ಹೆಚ್ಚುವರಿಯಾಗಿ ತಿಂದರೆ ಏನೂ ಪ್ರಯೋಜನವಿಲ್ಲ. ಅಷ್ಟೇ ಅಕ್ಕಿ ಅಥವಾ ಗೋಧಿಯನ್ನು ತೆಗೆದು ಅದರ ಜಾಗಕ್ಕೆ ಇದು ಬರಬೇಕು. ಆಂಧ್ರದ ಶ್ರೀಕಾಕುಳಂನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೀಗೇ ಮಾಡಿದ್ದರು. ಟೈಪ್ 2 ಮಧುಮೇಹದ 40 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 30 ಗ್ರಾಂ ಕಾಯಿ ಹಲಸಿನ ಹಿಟ್ಟನ್ನು ಅಕ್ಕಿ ಅಥವಾ ಗೋಧಿಗೆ ಬದಲಾಗಿ 12 ವಾರ ಕೊಟ್ಟರು. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಆ ಗುಂಪಿನಲ್ಲಿ ಇನ್ನೊಂದು ಗುಂಪಿಗಿಂತ ಹೆಚ್ಚು ಇಳಿಯಿತು. ಚಿಕ್ಕ ಅಧ್ಯಯನ, ಇಳಿಕೆಯೂ ಮಾತ್ರೆ ಬಿಡುವಷ್ಟಲ್ಲ. ನಾನು ಹೇಳುವುದೂ ಅದನ್ನೇ: ಹೊತ್ತಿಗೆ ಒಂದು ದೊಡ್ಡ ಚಮಚ, ಸುಮಾರು 10 ಗ್ರಾಂ, ದಿನಕ್ಕೆ ಮೂರು ಹೊತ್ತು.

ದೋಸೆಯಾದರೆ ಹಲಸಿನ ಹಿಟ್ಟನ್ನು ಹುಯ್ಯುವ ಮುಂಚೆ ಕಲಸಿ. ರಾತ್ರಿಯೇ ಹಾಕಿದರೆ ನೀರೆಲ್ಲ ಹೀರಿ ಗಟ್ಟಿಯಾಗುತ್ತದೆ. ಚಪಾತಿಗೆ ಮೂರರಲ್ಲಿ ಒಂದು ಪಾಲು ದಾಟಿಸಬೇಡಿ, ಇದರಲ್ಲಿ ಗೋಧಿಯ ಅಂಟಿಲ್ಲ, ಲಟ್ಟಿಸುವಾಗ ಹರಿಯುತ್ತದೆ.

ಬೀಜದ ಹಿಟ್ಟನ್ನು ಇದೇ ಲೆಕ್ಕದಲ್ಲಿ ಬಳಸಿದವರು ಗ್ಲೂಕೋಮೀಟರ್ ನೋಡಿ ಬೇಸರಪಡುತ್ತಾರೆ. ಬೀಜದ ಹಿಟ್ಟಿನಲ್ಲಿ ಮುಕ್ಕಾಲು ಪಾಲಿನಷ್ಟು ಕಾರ್ಬೋಹೈಡ್ರೇಟೇ, ಹೆಚ್ಚುಕಡಿಮೆ ಗೋಧಿ ಹಿಟ್ಟಿನಷ್ಟು. ಅದರಲ್ಲಿ ಸ್ವಲ್ಪ ಭಾಗ ನಿಧಾನವಾಗಿ ಜೀರ್ಣವಾಗುವ ಪಿಷ್ಟ, ಅಷ್ಟೇ ಲಾಭ. ಆದ್ದರಿಂದ ಅದನ್ನು ಧಾನ್ಯವೆಂದೇ ಎಣಿಸಿ: 30 ಗ್ರಾಂ ಬೀಜದ ಹಿಟ್ಟು ಹಾಕಿದರೆ ಒಂದು ಚಪಾತಿ ಕಡಿಮೆ. ಬೀಜವನ್ನು ಬೇಯಿಸಿ, ತೆಳ್ಳಗೆ ಹೆಚ್ಚಿ ಒಣಗಿಸಿ. ಹಸಿ ಬೀಜದಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುವ ಅಂಶವಿದೆ, ಬೆಂದರೆ ಅದು ಇಳಿಯುತ್ತದೆ. ಇಡಿಯಾಗಿ ಒಣಗಿಸಿದ ಬೀಜ ಮಿಕ್ಸಿಯ ಬ್ಲೇಡಿಗೇ ಸವಾಲು. ಎರಡರಲ್ಲಿ ಯಾವ ಹಿಟ್ಟಾದರೂ ಮೊದಲ ವಾರ ಅರ್ಧ ಪ್ರಮಾಣ ಸಾಕು, ಇಲ್ಲದಿದ್ದರೆ ಹೊಟ್ಟೆಯುಬ್ಬರ.

ಉಪ್ಪು ಸೊಳೆಯನ್ನೂ ಒಣಗಿಸಿ ನೋಡಿದೆ. ಎಷ್ಟು ತೊಳೆದರೂ ಉಪ್ಪು ಪೂರ್ತಿ ಹೋಗುವುದಿಲ್ಲ. ಬಿಪಿ ಇರುವವರಿಗೆ ಅದು ಬೇಡ.

ಗಿರಾಕಿಯೊಬ್ಬರು ಅಳೆದದ್ದು ಹೀಗೆ: 60 ಗ್ರಾಂ ಗೋಧಿ ಹಿಟ್ಟಿನ ಎರಡು ಚಪಾತಿ, ಅದೇ ಪಲ್ಯ, ಎರಡು ಗಂಟೆಯ ನಂತರ ಸಕ್ಕರೆ 190ರ ಆಸುಪಾಸು. 40 ಗ್ರಾಂ ಗೋಧಿಗೆ 20 ಗ್ರಾಂ ಕಾಯಿ ಹಿಟ್ಟು ಬೆರೆಸಿದ ದಿನ 160ರ ಆಚೀಚೆ. ಹಲವು ದಿನ ಹೀಗೆ ಅದಲುಬದಲು ಮಾಡಿ ಅಳೆದ ಮೇಲೆಯೇ ನಾನು ಒಪ್ಪಿದ್ದು, ಏಕೆಂದರೆ ಮೀಟರೇ ನೂರಕ್ಕೆ ಹದಿನೈದರಷ್ಟು ಆಚೀಚೆ ತೋರಿಸಬಹುದು. ಒಂದು ದಿನದ 10 ಅಂಕಿ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳಿಯೇ ಶುರುಮಾಡಬೇಕು. ಅಕ್ಕಿ, ಗೋಧಿ ಇಳಿದರೂ ಔಷಧಿ ಮೊದಲಿನಷ್ಟೇ ಇದ್ದರೆ ಸಕ್ಕರೆ ತೀರಾ ಕೆಳಗೆ ಬಂದು ಬೆವರು, ನಡುಕ ಬರಬಹುದು. ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಹಾಕಿಸಿಕೊಂಡವರಿಗೆ ನಾನು ಈ ಹಿಟ್ಟು ಕೊಡುವುದೇ ಇಲ್ಲ.