ಆರು ಸಾವಿರ ಮಕ್ಕಳ ಬದಲು ಒಂದು ನೋಟ್‌ಬುಕ್: ದೇಣಿಗೆ ಕ್ಯಾಪ್ಷನ್ ಬರೆದ ನನ್ನ ಅನುಭವ

ನಮ್ಮದು ಸಣ್ಣ ಟ್ರಸ್ಟು. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಮತ್ತು ಕುಷ್ಟಗಿ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ದೃಷ್ಟಿ ತಪಾಸಣೆ ಮಾಡಿಸುತ್ತೇವೆ, ಬೇಕಾದವರಿಗೆ ಕನ್ನಡಕ ಕೊಡಿಸುತ್ತೇವೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮತ್ತು ವಾಟ್ಸಾಪ್‌ಗೆ ದೇಣಿಗೆ ಕೋರುವ ಕ್ಯಾಪ್ಷನ್ ಬರೆಯುವುದು ನನ್ನ ಪಾಲಿನ ಕೆಲಸ. ಎರಡು ವರ್ಷಗಳ ಹಿಂದೆ ಈ ಕ್ಯಾಪ್ಷನ್‌ಗಳಿಂದ ತಿಂಗಳಿಗೆ ಬರುತ್ತಿದ್ದುದು ಆರೇಳು ಸಾವಿರ ರೂಪಾಯಿ, ಅದರಲ್ಲೂ ಹೆಚ್ಚಿನದು ಟ್ರಸ್ಟಿಗಳ ಬಂಧುಗಳಿಂದ. ಈಗ ಒಳ್ಳೆಯ ತಿಂಗಳಲ್ಲಿ ನಲವತ್ತು ಸಾವಿರ ದಾಟುತ್ತದೆ ಮತ್ತು ಕೊಡುವವರಲ್ಲಿ ಬಹುಪಾಲು ಜನರ ಪರಿಚಯವೇ ನಮಗಿಲ್ಲ. ಒಂದೇ ಮಗುವಿನ ಉದಾಹರಣೆ ತೋರಿಸಿ ಹಣ ಕೇಳುವ ಈ ದಾರಿ ಫಲಿಸುವುದಿಲ್ಲ ಎಂದು ಟ್ರಸ್ಟಿನ ಸಭೆಯಲ್ಲಿ ಹೇಳಿದವರಿದ್ದರು. ಆದ್ದರಿಂದಲೇ ಇದನ್ನು ಬರೆದಿಡಬೇಕೆನಿಸಿತು.

ಹಳೆಯ ಕ್ಯಾಪ್ಷನ್‌ಗಳ ಮಾದರಿ ನಿಮಗೂ ಗೊತ್ತಿರುತ್ತದೆ. “ಈ ವರ್ಷ 6,000 ಮಕ್ಕಳ ಕಣ್ಣಿನ ತಪಾಸಣೆ ನಡೆಸಿದ್ದೇವೆ, ನಿಮ್ಮ ಬೆಂಬಲ ಹೀಗೇ ಇರಲಿ” ಎಂದು ಬರೆದು, ಸಾಲಾಗಿ ನಿಂತ ಮಕ್ಕಳ ಗುಂಪಿನ ಫೋಟೊ ಹಾಕುತ್ತಿದ್ದೆವು. ಮೆಚ್ಚುಗೆಗಳು ಬಂದವು, ಹಣ ಬರಲಿಲ್ಲ. ಹೆಚ್ಚು ಜನರಿಗೆ ತಲುಪಲಿ ಎಂದು ಅಂಥದೇ ಪೋಸ್ಟಿಗೆ ಎಂಟು ಸಾವಿರ ಚಿಲ್ಲರೆ ಖರ್ಚು ಮಾಡಿ ಬೂಸ್ಟ್ ಮಾಡಿದಾಗ ಮೆಚ್ಚುಗೆಗಳು ಹಲವು ಪಟ್ಟು ಏರಿದವು. ಖಾತೆಗೆ ಬಂದದ್ದು ಮಾತ್ರ ಖರ್ಚಿನ ಕಾಲು ಭಾಗವೂ ಇರಲಿಲ್ಲ. ಆರು ಸಾವಿರ ಎಂಬ ಅಂಕಿಯನ್ನು ಓದಿದವರಿಗೆ ಆ ಕೆಲಸ ಹೇಗೋ ನಡೆದುಹೋಗಿದೆ, ತನ್ನ ಐನೂರು ರೂಪಾಯಿಯಿಂದ ಅಲ್ಲಿ ಏನೂ ಬದಲಾಗುವುದಿಲ್ಲ ಎನಿಸುತ್ತದೆ. ಇದು ನನ್ನ ಊಹೆಯಲ್ಲ. ಹಣ ಕೊಡದ ಪರಿಚಿತರನ್ನು ನೇರವಾಗಿ ಕೇಳಿದಾಗ ಅವರು ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಹೇಳಿದರು.

ದಾರಿ ಸಿಕ್ಕಿದ್ದು ಒಂದು ಗಣಿತದ ನೋಟ್‌ಬುಕ್ಕಿನಲ್ಲಿ. ಯಲಬುರ್ಗಾ ತಾಲ್ಲೂಕಿನ ಒಂದು ಶಾಲೆಯಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳ ಲೆಕ್ಕಗಳಿಗೆಲ್ಲ ಕೆಂಪು ಶಾಯಿಯ ತಪ್ಪು ಗುರುತು ಬಿದ್ದಿತ್ತು. ತಪಾಸಣೆಯ ದಿನ ಅವಳ ಶಿಕ್ಷಕಿ ಆ ಪುಟವನ್ನು ನನ್ನ ಮುಂದೆ ಹಿಡಿದು, “ಸರಿಯಾಗಿ ನೋಡ್ರಿ, ಈಕಿಗೆ ಗುಣಾಕಾರ ಬರ್ತದ” ಎಂದರು. ಬೋರ್ಡಿನಲ್ಲಿ ಬರೆದಿದ್ದುದು 48 × 6. ಹುಡುಗಿ ಬರೆದುಕೊಂಡದ್ದು 43 × 6, ಉತ್ತರ 258. ಅವಳು ಬರೆದುಕೊಂಡ ಪ್ರಶ್ನೆಗೆ ಆ ಉತ್ತರ ಸರಿಯಾಗಿಯೇ ಇತ್ತು. ಕೆಳಗಿನ ಭಾಗಾಕಾರದಲ್ಲೂ 385 ಇದ್ದುದು 335 ಆಗಿತ್ತು, ಅದನ್ನು 5ರಿಂದ ಭಾಗಿಸಿ 67 ಎಂದು ಸರಿಯಾಗಿ ಬರೆದಿದ್ದಳು. ಎಂಟುಗಳೆಲ್ಲ ಅವಳ ಕಣ್ಣಿಗೆ ಮೂರಾಗಿ ಕಂಡಿದ್ದವು. ಅವಳಿಗಿದ್ದಂತೆ ಎರಡೂ ಕಣ್ಣಿಗೆ ಮೈನಸ್ 2ರಷ್ಟು ದೋಷವಿದ್ದರೆ ಅರ್ಧ ಮೀಟರಿನಾಚೆ ಇರುವುದೆಲ್ಲ ಮಸುಕು. ಅವಳು ಕೂರುತ್ತಿದ್ದ ಕೊನೆಯ ಬೆಂಚಿನಿಂದ ಬೋರ್ಡು ಸುಮಾರು ಆರು ಮೀಟರ್ ದೂರದಲ್ಲಿತ್ತು.

ಕನ್ನಡಕ ಬಂದ ವಾರದ ಪುಟವನ್ನೂ ಶಿಕ್ಷಕಿ ಕಳುಹಿಸಿದರು. ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಫೋಟೊ ತೆಗೆದು ನಾನು ಬರೆದ ಕ್ಯಾಪ್ಷನ್ ಇದು:

“ಬೋರ್ಡಿನಲ್ಲಿ ಇದ್ದದ್ದು 48 × 6. ಅವಳು ಬರೆದುಕೊಂಡದ್ದು 43 × 6. ಉತ್ತರ 258, ಅದು ಸರಿಯಾಗಿಯೇ ಇದೆ. ಕೊನೆಯ ಬೆಂಚಿನಿಂದ ಅವಳಿಗೆ 8 ಎಂಬುದು 3ರಂತೆ ಕಾಣುತ್ತಿತ್ತು. ಕನ್ನಡಕ ಹಾಕಿಕೊಂಡ ವಾರ ಬರೆದ ಪುಟ ಬಲಗಡೆ ಇದೆ. ಈ ಕನ್ನಡಕದ ಹಣ ಸಂದಾಯವಾಗಿದೆ. ಯಲಬುರ್ಗಾದಲ್ಲಿ ಇಂಥ ಮುಂದಿನ ಮಗುವನ್ನು ಹುಡುಕಿ, ಕನ್ನಡಕ ಕೊಟ್ಟು, ಮೂರು ತಿಂಗಳ ನಂತರ ಮಗು ಅದನ್ನು ಹಾಕಿಕೊಳ್ಳುತ್ತಿದೆಯೇ ಎಂದು ನೋಡಿ ಬರಲು ₹1,011 ಬೇಕು.”

ಇದರ ಕರಡನ್ನು ಸಭೆಯಲ್ಲಿ ಓದಿದಾಗ ನಿವೃತ್ತ ಮುಖ್ಯೋಪಾಧ್ಯಾಯರಾದ ನಮ್ಮ ಹಿರಿಯ ಟ್ರಸ್ಟಿಯೊಬ್ಬರು, “ಆರು ಸಾವಿರ ಮಕ್ಕಳ ಕೆಲಸವನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಬಿಟ್ಟಿರಲ್ಲ!” ಎಂದು ಬೇಸರಿಸಿದರು. ಮಗುವಿನ ಮುಖವಿಲ್ಲದ ಫೋಟೊಗೆ ಯಾರೂ ಕೊಡುವುದಿಲ್ಲ ಎಂದು ಇನ್ನೊಬ್ಬರು ಹೇಳಿದರು. ಅದೇ ಪೋಸ್ಟಿನಿಂದ ಒಂದು ವಾರದಲ್ಲಿ ಬಂದ ಮೊತ್ತ ಅದಕ್ಕೆ ಹಿಂದಿನ ಮೂರು ನಾಲ್ಕು ತಿಂಗಳುಗಳದ್ದಕ್ಕಿಂತ ಹೆಚ್ಚಿತ್ತು. ಮುಖ ಇಲ್ಲದಿರುವುದು ತೊಡಕಾಗಲಿಲ್ಲ. ಆ ಪುಟವನ್ನು ನೋಡಿದವರು ತಾವೇ ಲೆಕ್ಕ ಮಾಡಿ, 43 × 6 ನಿಜವಾಗಿ 258 ಆಗುತ್ತದೆಯೇ ಎಂದು ಪರೀಕ್ಷಿಸಿದರು ಎಂಬುದು ಕೆಳಗಿನ ಪ್ರತಿಕ್ರಿಯೆಗಳಿಂದಲೇ ತಿಳಿಯಿತು. ಓದುಗನು ತಾನೇ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬಹುದಾದ ಪುರಾವೆಯೊಂದು ಚಿತ್ರದಲ್ಲಿರಬೇಕು ಎಂಬುದನ್ನು ಅಂದಿನಿಂದ ನಾನು ಬಿಟ್ಟಿಲ್ಲ. “ಅವಳ ಅಂಕಗಳು ಏರಿದವು”, “ಅವಳ ಬದುಕು ಬದಲಾಯಿತು” ಎಂಬ ವಾಕ್ಯಗಳನ್ನು ನಾನು ಬರೆಯುವುದಿಲ್ಲ, ಏಕೆಂದರೆ ಅವನ್ನು ತೋರಿಸಲು ನನ್ನ ಬಳಿ ಏನೂ ಇಲ್ಲ. ಬೋರ್ಡಿನಲ್ಲಿರುವುದನ್ನು ಈಗ ಸರಿಯಾಗಿ ಬರೆದುಕೊಳ್ಳುತ್ತಾಳೆ ಎಂಬಷ್ಟನ್ನು ಮಾತ್ರ ತೋರಿಸಬಲ್ಲೆ, ಅಷ್ಟೇ ಸಾಕಾಗುತ್ತದೆ.

ಮೊತ್ತವನ್ನು ಗೊತ್ತು ಮಾಡುವುದರಲ್ಲಿ ಅತಿ ಹೆಚ್ಚು ಸಮಯ ಹೋಯಿತು. ಮೊದಮೊದಲು “₹350ಕ್ಕೆ ಒಂದು ಕನ್ನಡಕ” ಎಂದು ಹಾಕಿದ್ದೆವು. ಫ್ರೇಮು ಮತ್ತು ಗಾಜು ಸೇರಿ ನಮಗೆ ಬೀಳುವುದು ಅಷ್ಟೇ ಆದ್ದರಿಂದ ಅದು ಸುಳ್ಳೇನಲ್ಲ. ಆದರೆ ಹಾಗೆ ಬಂದ ಹಣವೆಲ್ಲ ಕನ್ನಡಕಕ್ಕೆಂದೇ ಬಂದದ್ದರಿಂದ, ಖಾತೆಯಲ್ಲಿ ಕನ್ನಡಕದ ದುಡ್ಡು ಇದ್ದೂ ಜೀಪಿನ ಬಾಡಿಗೆಗೆ ದುಡ್ಡಿಲ್ಲದೆ ಒಂದು ತಿಂಗಳು ತಪಾಸಣೆಯೇ ನಿಂತಿತು. ಆಮೇಲೆ ಖಜಾಂಚಿಯವರೊಂದಿಗೆ ಕುಳಿತು ಲೆಕ್ಕ ಹಾಕಿದೆವು. ನೇತ್ರ ಪರೀಕ್ಷಕರ ದಿನದ ಗೌರವಧನ, ವಾಹನ, ಊಟ ಎಲ್ಲ ಸೇರಿ ಒಂದು ದಿನಕ್ಕೆ ಹತ್ತಿರ ಹತ್ತಿರ ಐದು ಸಾವಿರ. ಆ ದಿನದಲ್ಲಿ ಇನ್ನೂರು ಮಕ್ಕಳನ್ನು ನೋಡಿದರೆ ನಮ್ಮ ಕಡೆ ಕನ್ನಡಕ ಬೇಕಾಗುವುದು ಹನ್ನೆರಡು ಮಂದಿಗೆ ಎಂದಿಟ್ಟುಕೊಳ್ಳಿ. ಅಂದರೆ ಒಂದು ಮಗುವನ್ನು ಹುಡುಕುವುದಕ್ಕೇ ಸುಮಾರು ನಾನೂರು ರೂಪಾಯಿ. ಅದಕ್ಕೆ ಕನ್ನಡಕದ ಮುನ್ನೂರೈವತ್ತು, ಕೊಟ್ಟು ಬರುವ ಮತ್ತು ಮೂರು ತಿಂಗಳ ನಂತರ ನೋಡಿ ಬರುವ ಖರ್ಚು, ಮುರಿದ ಫ್ರೇಮುಗಳ ಬದಲಿ, ಎಲ್ಲ ಕೂಡಿಸಿದರೆ ಸಾವಿರದ ಆಸುಪಾಸಿಗೆ ನಿಲ್ಲುತ್ತದೆ. ಮೊತ್ತ ಏರಿಸಿದ ಮೇಲೆ ಕೊಡುವವರ ಸಂಖ್ಯೆ ಮೂರನೆಯ ಒಂದರಷ್ಟು ಇಳಿಯಿತು, ಒಟ್ಟು ಹಣ ಸುಮಾರು ದುಪ್ಪಟ್ಟಾಯಿತು. ಕನ್ನಡಕ ಬೇಡವಾದ ನೂರಾ ಎಂಬತ್ತೆಂಟು ಮಕ್ಕಳನ್ನು ನೋಡುವ ಖರ್ಚೂ ಇದರಲ್ಲಿದೆ ಎಂದು ಒಂದು ಸಾಲಿನಲ್ಲಿ ವಿವರಿಸಿದ ಕ್ಯಾಪ್ಷನ್ನಿಗೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹತ್ತು ಮಕ್ಕಳ ಪಾಲು ಕಳುಹಿಸಿದರು.

“ಈ ಕನ್ನಡಕದ ಹಣ ಸಂದಾಯವಾಗಿದೆ” ಎಂಬ ವಾಕ್ಯವನ್ನು ತೆಗೆದುಹಾಕಲು ಹಲವರು ಸಲಹೆ ಕೊಟ್ಟಿದ್ದಾರೆ. ನಾನು ಒಪ್ಪಿಲ್ಲ. ಆ ಹುಡುಗಿಗೆ ಕನ್ನಡಕ ಆಗಲೇ ಬಂದಿರುವಾಗ ಅವಳ ಹೆಸರಿನಲ್ಲಿ ನೂರು ಜನರಿಂದ ಹಣ ಪಡೆದರೆ ಅದು ಮೋಸವಾಗುತ್ತದೆ. ದಾನಿಯೊಬ್ಬರು “ನನ್ನ ಹಣದಿಂದ ಆ ಹುಡುಗಿಗೆ ಏನಾಯಿತು?” ಎಂದು ಕೇಳಿದ ದಿನ ನಮ್ಮ ಬಳಿ ಉತ್ತರವೂ ಇರುವುದಿಲ್ಲ. ಒಂದು ಉದಾಹರಣೆ ಹೇಳಿ, ಮುಂದಿನ ಮಗುವಿಗಾಗಿ ಕೇಳುವುದು ನಮ್ಮ ಕ್ರಮ.

ಮೊತ್ತದ ಕೊನೆಯ ₹11ಕ್ಕೂ ಒಂದು ಕೆಲಸವಿದೆ. ಯಾವ ಕ್ಯಾಪ್ಷನ್ನಿನಿಂದ ಹಣ ಬಂತೆಂದು ತಿಳಿಯಲು ಯುಪಿಐ ಟಿಪ್ಪಣಿಯಲ್ಲಿ ಒಂದು ಪದ ಬರೆಯಿರಿ ಎಂದು ಮೊದಲು ಕೋರಿದ್ದೆವು, ಅರ್ಧದಷ್ಟು ಜನ ಬರೆಯಲೇ ಇಲ್ಲ. ಈಗ ಪ್ರತಿ ಕ್ಯಾಪ್ಷನ್ನಿನ ಮೊತ್ತಕ್ಕೂ ಬೇರೆ ಬೇರೆ ಕೊನೆಯ ಎರಡು ಅಂಕಿ ಕೊಡುತ್ತೇವೆ: ನೋಟ್‌ಬುಕ್ಕಿಗೆ 1,011, ಮುಂದಿನದಕ್ಕೆ 1,021. ಮುಯ್ಯಿಗೆ ಒಂದು ರೂಪಾಯಿ ಸೇರಿಸಿ ಕೊಡುವ ನಮ್ಮ ಜನಕ್ಕೆ ಇದು ವಿಚಿತ್ರವೆನಿಸುವುದಿಲ್ಲ, ಬ್ಯಾಂಕ್ ವಿವರಪಟ್ಟಿ ನೋಡಿದೊಡನೆ ಎಲ್ಲ ಬೇರ್ಪಡುತ್ತದೆ. ಹಣ ಬಂದ ದಿನ ನಾವು ಕಳುಹಿಸುವ ಸಂದೇಶದಲ್ಲಿ ರಸೀದಿಗಾಗಿ ವಿಳಾಸ ಮತ್ತು ಪ್ಯಾನ್ ಕೇಳುತ್ತೇವೆ. ಆ ಸಂದೇಶದ ಎರಡನೆಯ ವಾಕ್ಯ ಏನೆಂಬುದನ್ನೂ, ಪೋಸ್ಟ್ ಹಾಕುವ ವಾರ ಮತ್ತು ಹೊತ್ತನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೊದಲ ಸಾಲಿನ ಉದ್ದ ಕನ್ನಡದಲ್ಲಿ ದೊಡ್ಡ ತೊಂದರೆ. ಇನ್‌ಸ್ಟಾಗ್ರಾಂನಲ್ಲಿ ಎರಡು ಸಾಲು ಮುಗಿಯುವಷ್ಟರಲ್ಲಿ ಉಳಿದದ್ದು ಮಡಚಿಹೋಗುತ್ತದೆ ಮತ್ತು ನಮ್ಮ ಅಕ್ಷರಗಳು ಅಗಲವಾದ್ದರಿಂದ ಅಲ್ಲಿ ಹತ್ತು ಹನ್ನೆರಡು ಪದಗಳಿಗಷ್ಟೇ ಜಾಗ. ಅಷ್ಟರೊಳಗೆ 48 ಮತ್ತು 43 ಎರಡೂ ಕಾಣಬೇಕು. ಸಂಸ್ಥೆಯ ಹೆಸರು, ನಮಸ್ಕಾರ, ಹಬ್ಬದ ಶುಭಾಶಯ ಯಾವುದನ್ನೂ ಅಲ್ಲಿ ಸೇರಿಸುವುದಿಲ್ಲ. ಪ್ರಕಟಿಸುವ ಮೊದಲು ಕಚೇರಿಯ ಅಗ್ಗದ ಫೋನಿನಲ್ಲಿ ಒಮ್ಮೆ ತೆರೆದು ನೋಡುತ್ತೇನೆ.

ನಡುವೆ ಕೆಲವು ಪ್ರಯೋಗಗಳೂ ಆದವು. ಎರಡನೆಯ ಮಗುವಿನ ಕಥೆಯನ್ನೂ ಅದೇ ಕ್ಯಾಪ್ಷನ್ನಿಗೆ ಸೇರಿಸಿದಾಗ ಹಣ ಇಳಿಯಿತು. ಮಗುವೇ “ನಾನು” ಎಂದು ಮಾತನಾಡುವಂತೆ ಬರೆದ ಕ್ಯಾಪ್ಷನ್ನಿಗೆ ಮೆಚ್ಚುಗೆ ವಿಪರೀತ ಬಂತು, ಆದರೆ ಅದು ಮಗು ಹೇಳಿದ ಮಾತಲ್ಲ ಎಂದು ಶಿಕ್ಷಕಿ ಆಕ್ಷೇಪಿಸಿದರು, ಅದನ್ನು ಕೈಬಿಟ್ಟೆವು. ಒಟ್ಟು ಅಂಕಿಗಳನ್ನು ಕ್ಯಾಪ್ಷನ್ನಿನ ತುದಿಗೆ ಸೇರಿಸಿದಾಗ ಯಾವ ವ್ಯತ್ಯಾಸವೂ ಆಗಲಿಲ್ಲ. ಕಂಪನಿಗಳ ಸಿಎಸ್‌ಆರ್ ಅಧಿಕಾರಿಗಳಿಗೆ ಮಾತ್ರ ಅವು ಬೇಕೇ ಬೇಕು, ಅವರಿಗೆ ಬೇರೆ ಪುಟವನ್ನೇ ಕಳುಹಿಸುತ್ತೇವೆ. ಒಪ್ಪಿಗೆಯ ವಿಷಯದಲ್ಲಿ ಯಾವ ಪ್ರಯೋಗವೂ ಇಲ್ಲ: ತಾಯಿ ಅಥವಾ ತಂದೆಗೆ ಫೋಟೊವನ್ನೂ ಬರಹವನ್ನೂ ತೋರಿಸಿ ಓದಿ ಹೇಳಿ ಸಹಿ ಪಡೆಯುತ್ತೇವೆ, ನೋಟ್‌ಬುಕ್ಕಿನ ಹೆಸರಿನ ಮೇಲೆ ಕಾಗದ ಇಡುತ್ತೇವೆ, ತಾಲ್ಲೂಕಿನ ಹೆಸರು ಹೇಳಿ ಊರಿನ ಹೆಸರು ಬಿಡುತ್ತೇವೆ.

ಅತಿ ಹೆಚ್ಚು ವಿರೋಧ ಬಂದದ್ದು ಫಲಿಸದ ಉದಾಹರಣೆಯನ್ನು ಹಾಕಲು ಹೊರಟಾಗ. ಕುಷ್ಟಗಿ ತಾಲ್ಲೂಕಿನ ಹುಡುಗನೊಬ್ಬ ಮೂರು ತಿಂಗಳ ಭೇಟಿಯ ಹೊತ್ತಿಗೆ ಕನ್ನಡಕವನ್ನು ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದ. ಫ್ರೇಮು ದೊಡ್ಡವರ ಅಳತೆಯದ್ದಾಗಿದ್ದು ಮೂಗಿನಿಂದ ಜಾರುತ್ತಿತ್ತು, ಹಿಡಿಯಲೆಂದು ಕಡ್ಡಿಯನ್ನು ಬಗ್ಗಿಸಿದ್ದರಿಂದ ಕಿವಿಯ ಹಿಂದೆ ಗಾಯವಾಗಿತ್ತು. ಆ ಬಗ್ಗಿದ ಕಡ್ಡಿಯ ಫೋಟೊ ಹಾಕಿ, “ಈ ಕನ್ನಡಕ ಎರಡು ತಿಂಗಳಿಂದ ಟ್ರಂಕಿನಲ್ಲಿದೆ” ಎಂದು ಆರಂಭಿಸಿ, ಮಕ್ಕಳ ಅಳತೆಯ ಫ್ರೇಮಿಗೆ ಬದಲಿಸಲು ಮತ್ತು ಮರುಭೇಟಿಗೆ ಒಟ್ಟು ₹251 ಕೇಳಿದೆ. ಇದನ್ನು ಓದಿದರೆ ಇದ್ದ ದಾನಿಗಳೂ ಹೋಗುತ್ತಾರೆ ಎಂದು ಸಭೆಯಲ್ಲಿ ಎಚ್ಚರಿಸಿದರು. ಆ ವರ್ಷದ ಮರುಭೇಟಿಗಳಿಗೆ ಬೇಕಾದ ಹಣದ ಮುಕ್ಕಾಲು ಪಾಲು ಅದೊಂದರಿಂದಲೇ ಬಂತು. ಹಳೆಯ ದಾನಿಗಳಲ್ಲಿ ಅನೇಕರು ಎರಡನೆಯ ಬಾರಿ ಕೊಟ್ಟದ್ದೂ ಅದಕ್ಕೇ. ಈಗ ಪ್ರತಿ ನಾಲ್ಕೈದು ಕ್ಯಾಪ್ಷನ್‌ಗಳಿಗೊಮ್ಮೆ ಇಂಥದೊಂದನ್ನು ಹಾಕುವುದಕ್ಕೆ ಆ ಹಿರಿಯ ಟ್ರಸ್ಟಿಯವರೂ ಒಪ್ಪಿದ್ದಾರೆ, ಮತ್ತು ಜೂನ್‌ನಿಂದ ಫ್ರೇಮುಗಳನ್ನು ಮಕ್ಕಳ ಮೂಗಿನ ಅಳತೆ ತೆಗೆದೇ ತರಿಸುತ್ತಿದ್ದೇವೆ.