ಮದ್ದು ಸೊಪ್ಪಿನ ಫೋಟೋಗೆ ಏನು ಬರೆಯೋದು?

ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಅಲ್ಲಿನ ಹಳೇ ತರಕಾರಿ ಮಾರುಕಟ್ಟೆಯಲ್ಲಿ ಎರಡು ಮಳೆಗಾಲ ಫೋಟೋ ತೆಗೆದು, ಕೊನೆಗೆ ಹನ್ನೆರಡನ್ನು ಉಳಿಸಿಕೊಂಡೆ. ಎಲ್ಲವೂ ಕಪ್ಪು ಬಿಳುಪು. ತೆಗೆಯೋದಕ್ಕಿಂತ ಅಡಿಬರಹ ಬರೆಯೋದೇ ಜಾಸ್ತಿ ಕಷ್ಟವಾಯಿತು.

ಮೊದಲ ಸಲ ಬರೆದದ್ದು ಹೀಗಿತ್ತು: ‘ಬದುಕಿನ ಸಂತೆ’, ‘ಸುಕ್ಕುಗಳ ಕಥೆ’, ‘ಕಾಯುವಿಕೆ’. ಓದಿದ ಗೆಳೆಯ ಕೇಳಿದ, “ಇದನ್ನ ಯಾವ ಊರಿನ ಸಂತೆಗೂ ಅಂಟಿಸಬಹುದಲ್ವಾ?” ಉತ್ತರ ಹೊಳೆಯಲಿಲ್ಲ.

‘ಕಾಯುವಿಕೆ’ಯಂತೂ ಪೂರಾ ಸುಳ್ಳು. ಖಾಲಿ ಬುಟ್ಟಿ ಮುಂದಿಟ್ಟುಕೊಂಡು ಕೂತ ಅಜ್ಜಿಯ ಚಿತ್ರ ಅದು. ಗಿರಾಕಿಗೆ ಕಾಯ್ತಿದ್ದಾರೆ ಅಂತ ನಾನೇ ಅಂದುಕೊಂಡಿದ್ದೆ. ಮುಂದಿನ ಶುಕ್ರವಾರ ಪ್ರಿಂಟ್ ಕೊಟ್ಟಾಗ ಅಜ್ಜಿ ನಕ್ಕರು. “ಯಾವ ಗಿರಾಕಿ ಮಗಾ? ಒಂಬತ್ತಕ್ಕೇ ಎಲ್ಲಾ ಹೋಯ್ತು. ಬಸ್ಸು ಇರೋದು ಹನ್ನೊಂದಕ್ಕೆ.” ಅದೇ ಅಡಿಬರಹ ಆಯಿತು: ‘ಒಂಬತ್ತಕ್ಕೇ ಬುಟ್ಟಿ ಖಾಲಿ. ಬಸ್ಸು ಹನ್ನೊಂದಕ್ಕೆ.’ ಆಮೇಲಿಂದ ಪ್ರಿಂಟ್ ತೋರಿಸಿ ಕೇಳದೆ ಯಾರ ಬಗ್ಗೆಯೂ ಬರೆದಿಲ್ಲ. ಮಳೆಯಲ್ಲಿ ಪುಸ್ತಕ ನೆನೆಯುತ್ತೆ, ಹಾಗಾಗಿ ಅವರ ಒಪ್ಪಿಗೆ ಕೇಳಿ ಮಾತನ್ನು ಫೋನಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತೇನೆ.

ತುಂಬಾ ತಲೆ ಕೆಡಿಸಿದ್ದು ಮದ್ದು ಸೊಪ್ಪು. ಟಾರ್ಪಾಲಿನ ಮೇಲೆ ಕಟ್ಟು ಕಟ್ಟು ಸೊಪ್ಪು, ನೀರು ಹನಿಯುವ ಎಲೆಗಳು, ಹಿಂದೆ ಕೊಡೆ ಹಿಡಿದ ಕೈ. ಚಿತ್ರ ಚೆನ್ನಾಗಿದೆ, ಆದರೆ ನೋಡಿದವರಿಗೆ ಅದು ಯಾವುದೋ ಬೂದು ಸೊಪ್ಪು. ‘ಮದ್ದು ಸೊಪ್ಪು ಮಾರುವವರು’ ಅಂತ ಬರೆದೆ. ಹೆಸರೇನೋ ಸಿಕ್ಕಿತು, ವಿಷಯ ಸಿಗಲಿಲ್ಲ. ಅದರ ವಿಷಯ ಇರೋದೇ ಬಣ್ಣದಲ್ಲಿ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಈ ಹಸಿರು ಎಲೆ ಕುದಿಸಿದರೆ ನೀರು ನೇರಳೆ ಆಗುತ್ತದೆ. ಅದರಲ್ಲೇ ಪಾಯಸ ಮಾಡುತ್ತಾರೆ. ಮಾರನೇ ದಿನ ಮೂತ್ರ ಕೆಂಪಾಗುತ್ತೆ, ಹೊಸಬರು ಹೆದರುತ್ತಾರೆ. ಬಣ್ಣ ತೆಗೆದುಹಾಕಿದವನು ನಾನೇ, ಅದನ್ನು ಮಾತಲ್ಲಾದರೂ ವಾಪಸ್ ಕೊಡಬೇಕಿತ್ತು. ಆರು ಸಲ ತಿದ್ದಿ ಇದನ್ನು ಇಟ್ಟೆ: ‘ಮದ್ದು ಸೊಪ್ಪು. ನಾಳೆ ಪಾತ್ರೆಯಲ್ಲಿ ನೇರಳೆ.’ ಮೂತ್ರದ ವಿಷಯ ಹಾಕುವ ಆಸೆ ಇತ್ತು, ಮನೆಯವರು ಬಿಡಲಿಲ್ಲ.

ಎಲ್ಲವನ್ನೂ ಅಡಿಬರಹದ ಮೇಲೆ ಹಾಕಕ್ಕೂ ಆಗಲ್ಲ. ಒಂದು ಚಿತ್ರದಲ್ಲಿ ಟೊಮ್ಯಾಟೊ, ಹಸಿಮೆಣಸು ಎರಡೂ ಒಂದೇ ಬೂದು ಬಣ್ಣಕ್ಕೆ ಬಂದು, ರಾಶಿ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಬರೆದು ಪ್ರಯೋಜನವಿಲ್ಲ. ಬಣ್ಣದ ಫೈಲಿಗೆ ಹಿಂತಿರುಗಿ, ಕಪ್ಪು ಬಿಳುಪು ಮಾಡುವಾಗ ಕೆಂಪನ್ನು ಸ್ವಲ್ಪ ಏರಿಸಿದೆ, ಹಸಿರನ್ನು ಇಳಿಸಿದೆ. ಮೊದಲು ಜಾಸ್ತಿ ಏರಿಸಿ ಟೊಮ್ಯಾಟೊ ಕೋಳಿಮೊಟ್ಟೆ ಥರ ಕಂಡಿತ್ತು.

ಊರು, ವಾರ, ವರ್ಷ ಮೊದಲ ಚಿತ್ರದ ಕೆಳಗೆ ಮಾತ್ರ. ತಕ್ಕಡಿಯ ಚಿತ್ರಕ್ಕೆ ಏನೂ ಬರೆದಿಲ್ಲ. ಮುಳ್ಳು ನಿಲ್ಲೋ ಮುಂಚೆಯೇ ಒಂದು ಬದನೆಕಾಯಿ ಹೆಚ್ಚಿಗೆ ಹಾಕ್ತಿರೋ ಅಕ್ಕನ ಕೈ ಅದರಲ್ಲೇ ಇದೆ.